ಲೇಓವರ್, ಟ್ರಾನ್ಸಿಟ್, ಬೋರ್ಡಿಂಗ್, ಎಂಡಾರ್ಸ್‌ಮೆಂಟ್: ವಿಮಾನ ತಪ್ಪಿದರೆ ಲುಕ್ಸಾನು ಯಾರದು?

ಮೊನ್ನೆ ಧಾರವಾಡದಿಂದ ಚಿಕ್ಕಪ್ಪನ ಮಗಳು ವಾಟ್ಸಾಪಿನಲ್ಲಿ ಎರಡು ಪಿಡಿಎಫ್ ಕಳಿಸಿದಳು. ಎಂ.ಎಸ್ಸಿ. ಓದೋಕೆ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಹೊರಟಿದ್ದಾಳೆ. ಇಲ್ಲಿಯವರೆಗೆ ವಿಮಾನ ಹತ್ತಿದವಳಲ್ಲ. ಅವಳ ಮನೆಯಲ್ಲಿ ಯಾರೂ ಹತ್ತಿದವರಲ್ಲ. ಪಿಡಿಎಫ್ ಹಿಂದೆಯೇ ಫೋನ್ ಬಂತು: "ಅಣ್ಣಾ, ಇದರಾಗ ಲೇಓವರ್ ಮೂರು ತಾಸು ಹತ್ತು ನಿಮಿಷ ಅಂತ ಐತಿ. ಅಂದ್ರ ಏನು? ಆಮ್ಯಾಲೆ ಕೆಳಗ ನಾನ್ ಎಂಡ್ ಅಂತ ಬರದಾರ. ಮುಗಿಯೂದಿಲ್ಲ ಅಂತನ?"

ನಗು ಬಂತು. ಆದರೆ ಎರಡೂ ಪಿಡಿಎಫ್ ತೆರೆದು ನೋಡಿದ ಮೇಲೆ ನಗು ನಿಂತಿತು. ಅವಳು ಕೇಳಿದ್ದು ಪದದ ಅರ್ಥ. ನನಗೆ ಕಂಡಿದ್ದು, ನಡುವೆ ಏನಾದರೂ ಹೆಚ್ಚುಕಮ್ಮಿ ಆದರೆ ಐವತ್ತು ಸಾವಿರ ರೂಪಾಯಿ ಚಿಕ್ಕಪ್ಪನ ಕೈಯಿಂದಲೇ ಹೋಗುತ್ತೆ ಅನ್ನೋದು. ವಿಮಾನಯಾನದ ಈ ಪದಗಳನ್ನು ಬಹಳಷ್ಟು ಜನ ಪ್ರಯಾಣದ ಮಾಹಿತಿ ಅಂದುಕೊಳ್ತಾರೆ. ಅವು ಕರಾರಿನ ಪದಗಳು. ನಷ್ಟ ಏರ್‌ಲೈನಿನದೋ ನಿಮ್ಮದೋ ಅಂತ ತೀರ್ಮಾನ ಮಾಡೋದು ಅವೇ. ಅದಕ್ಕೇ ಅವಳಿಗೆ ಫೋನಿನಲ್ಲಿ ಹೇಳಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೀತಿದ್ದೇನೆ.

ಒಂದು ಪ್ರಯಾಣ, ಎರಡು ಟಿಕೆಟ್

ಅವಳ ದಾರಿ ಹೀಗಿತ್ತು. ಹುಬ್ಬಳ್ಳಿಯಿಂದ ಸಂಜೆ 6.20ಕ್ಕೆ ಹೊರಟು 7.30ಕ್ಕೆ ಬೆಂಗಳೂರು. ಬೆಂಗಳೂರಿನಿಂದ ರಾತ್ರಿ 10.40ಕ್ಕೆ ಹೊರಟು ದೋಹಾ. ಅಲ್ಲಿ ವಿಮಾನ ಬದಲಿಸಿ ಮ್ಯಾಂಚೆಸ್ಟರ್. ನಡುವೆ ಎರಡು ಕಡೆ ಕಾಯಬೇಕು. ಒಂದು ವಿಮಾನ ಇಳಿದು ಇನ್ನೊಂದು ಹತ್ತುವವರೆಗಿನ ಈ ಕಾಯುವ ಹೊತ್ತಿಗೇ ಲೇಓವರ್ ಅನ್ನೋದು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದು 24 ತಾಸು ದಾಟಿದರೆ ಹೆಸರು ಬದಲಾಗಿ ಸ್ಟಾಪ್‌ಓವರ್ ಆಗುತ್ತೆ, ದರದ ಲೆಕ್ಕವೂ ಬದಲಾಗಬಹುದು. ಪದದ ಅರ್ಥ ಇಷ್ಟೇ.

ತೊಡಕು ಇರೋದು ಬೇರೆ ಕಡೆ. ಬೆಂಗಳೂರಿನ ಲೇಓವರ್ ಮತ್ತು ದೋಹಾದ ಲೇಓವರ್ ಕಾಗದದ ಮೇಲೆ ಒಂದೇ ಥರ ಕಂಡರೂ ಒಂದೇ ಜಾತಿಯವಲ್ಲ. ಬೆಂಗಳೂರು–ದೋಹಾ–ಮ್ಯಾಂಚೆಸ್ಟರ್ ಒಂದು ಟಿಕೆಟ್. ಹುಬ್ಬಳ್ಳಿ–ಬೆಂಗಳೂರು ಇನ್ನೊಂದು ಏರ್‌ಲೈನಿನ ಬೇರೆಯೇ ಟಿಕೆಟ್. ಏಜೆಂಟ್ ಎರಡನ್ನೂ ಒಂದೇ ಹಾಳೆಯಲ್ಲಿ ಜೋಡಿಸಿ, ನಡುವೆ "ಲೇಓವರ್ 3ಗಂ 10ನಿ" ಅಂತ ತಾನೇ ಟೈಪ್ ಮಾಡಿದ್ದ. ಮೊದಲನೆಯ ಏರ್‌ಲೈನಿಗೆ ಇವಳು ಬೆಂಗಳೂರಿನಿಂದ ಮುಂದೆ ಹೋಗ್ತಾಳೆ ಅಂತ ಗೊತ್ತಿಲ್ಲ. ಎರಡನೆಯದಕ್ಕೆ ಇವಳು ಹುಬ್ಬಳ್ಳಿಯಿಂದ ಬರ್ತಾಳೆ ಅಂತ ಗೊತ್ತಿಲ್ಲ. ಈ ಎರಡರ ನಡುವಿನ ಕೊಂಡಿ ಅವಳ ತಲೆಯಲ್ಲಿ ಮತ್ತು ಏಜೆಂಟಿನ ಹಾಳೆಯಲ್ಲಿ ಮಾತ್ರ ಇದೆ.

ಇದನ್ನ ಪತ್ತೆ ಹಚ್ಚೋದು ಕಷ್ಟ ಅಲ್ಲ. ಪಿಎನ್‌ಆರ್ ಅನ್ನೋದು ಆರು ಅಕ್ಷರ–ಅಂಕಿಗಳ ಬುಕಿಂಗ್ ಗುರುತು. ಅದನ್ನೊಂದೇ ನೋಡಿದರೆ ಸಾಲದು, ಟಿಕೆಟ್ ಸಂಖ್ಯೆ ನೋಡಬೇಕು. ಅದು 13 ಅಂಕಿಯದು, ಮೊದಲ ಮೂರು ಅಂಕಿ ಏರ್‌ಲೈನಿನ ಗುರುತು. ಏರ್ ಇಂಡಿಯಾದ್ದು 098, ಎಮಿರೇಟ್ಸ್‌ದು 176, ಹೀಗೆ. ನಿಮ್ಮ ಎಲ್ಲ ಹಾರಾಟಗಳೂ ಒಂದೇ ಟಿಕೆಟ್ ಸಂಖ್ಯೆಯಡಿ ಇದ್ದರೆ ಅದು ಒಂದೇ ಕರಾರು. ಬೇರೆ ಬೇರೆ ಸಂಖ್ಯೆ ಇದ್ದರೆ, ಅಥವಾ ಒಂದಕ್ಕೆ ಸಂಖ್ಯೆ ಇದ್ದು ಇನ್ನೊಂದಕ್ಕೆ ಬರೀ ಪಿಎನ್‌ಆರ್ ಇದ್ದರೆ, ಸಂಶಯ ಪಡಿ. ಬುಕಿಂಗ್ ಆ್ಯಪ್‌ಗಳಲ್ಲಿ ಸಣ್ಣ ಅಕ್ಷರದಲ್ಲಿ "ಸೆಲ್ಫ್ ಟ್ರಾನ್ಸ್‌ಫರ್" ಅಂತ ಬರೆದಿರ್ತಾರಲ್ಲ, ಅದೂ ಇದೇ. ಕೇಳೋಕೆ ಸ್ವಾವಲಂಬನೆ ಥರ ಇದೆ. ಅರ್ಥ ಮಾತ್ರ, ಮುಂದಿನ ವಿಮಾನ ತಪ್ಪಿದರೆ ನಮ್ಮನ್ನ ಕೇಳಬೇಡಿ ಅಂತ.

ಈಗ ಅವಳ ಮೂರು ತಾಸು ಹತ್ತು ನಿಮಿಷದ ಲೆಕ್ಕ ಹಾಕೋಣ. 7.30ಕ್ಕೆ ವಿಮಾನ ಇಳಿದರೂ, ಬಾಗಿಲು ತೆರೆದು, ಬೆಲ್ಟ್ ಹತ್ತಿರ ಹೋಗಿ ದೊಡ್ಡ ಸೂಟ್‌ಕೇಸ್ ಕೈಗೆ ಬರೋಕೆ 40 ನಿಮಿಷ ಹಿಡೀರಿ. 8.10 ಆಯ್ತು. ಅವಳ ಹುಬ್ಬಳ್ಳಿ ವಿಮಾನ ಬರೋದು ಬೆಂಗಳೂರಿನ ಟರ್ಮಿನಲ್ 1ಕ್ಕೆ. ವಿದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಹೊರಡೋದು ಟರ್ಮಿನಲ್ 2ರಿಂದ. ಹೊರಗೆ ಬಂದು, ಶಟಲ್ ಬಸ್ ಹಿಡಿದು, ಮತ್ತೆ ಬಾಗಿಲಲ್ಲಿ ಟಿಕೆಟ್, ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗೋಕೆ ಇನ್ನೊಂದು 30 ನಿಮಿಷ. 8.40. ವಿಮಾನ 10.40ಕ್ಕೆ ಅಂದರೂ ಲಗೇಜ್ ತೆಗೆದುಕೊಳ್ಳುವ ಕೌಂಟರ್ ಅವಳ ಟಿಕೆಟ್ ಪ್ರಕಾರ ಒಂದು ತಾಸು ಮುಂಚೆ, ಅಂದರೆ 9.40ಕ್ಕೇ ಮುಚ್ಚುತ್ತೆ. ಹಾಗಾಗಿ ಅವಳ ಕೈಲಿ ನಿಜವಾಗಿ ಉಳಿದದ್ದು ಒಂದು ತಾಸು. ಹುಬ್ಬಳ್ಳಿಯ ಸಂಜೆ ವಿಮಾನ ಒಂದು ತಾಸಿಗಿಂತ ಹೆಚ್ಚು ತಡವಾದರೆ ಕಥೆ ಮುಗೀತು. ಬೆಳಿಗ್ಗೆಯಿಂದ ಊರೂರು ಸುತ್ತಿ ಬರುವ ಸಣ್ಣ ವಿಮಾನಗಳಿಗೆ ಪ್ರತಿ ಸುತ್ತಿನಲ್ಲೂ ಸ್ವಲ್ಪ ಸ್ವಲ್ಪ ವಿಳಂಬ ಸೇರಿ ಸೇರಿ ಸಂಜೆಗೆ ದೊಡ್ಡದಾಗೋದು ಸಾಮಾನ್ಯ.

ಆ ವಿಳಂಬಕ್ಕೆ ಹುಬ್ಬಳ್ಳಿ ವಿಮಾನದವರು ಏನು ಕೊಡಬೇಕು? ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯದ, ಅಂದರೆ ಡಿಜಿಸಿಎ ನಿಯಮದಂತೆ, ಎರಡೂವರೆ ತಾಸಿನ ಒಳಗಿನ ಹಾರಾಟ ಎರಡು ತಾಸು ತಡವಾದಾಗ ಊಟ–ಉಪಾಹಾರ ಕೊಡಬೇಕು. ವಿಮಾನ ಒಂದೂವರೆ ತಾಸು ತಡವಾದರೆ ಅವಳ ಲಂಡನ್‌ಗಿಂತ ದೂರದ ಕನಸು ಬೆಂಗಳೂರಲ್ಲೇ ನಿಲ್ಲುತ್ತೆ, ಆದರೆ ಕಾನೂನು ಪ್ರಕಾರ ಅವರು ಒಂದು ಕಪ್ ಚಹಾ ಕೊಡಬೇಕಾಗಿಲ್ಲ. ಎರಡನೇ ಏರ್‌ಲೈನಿನ ದಾಖಲೆಯಲ್ಲಿ ಅವಳು "ನೋ ಷೋ", ಬರಲೇ ಇಲ್ಲದವಳು. ಮೊದಲ ಹಾರಾಟಕ್ಕೆ ನೋ ಷೋ ಆದರೆ ಅದೇ ಟಿಕೆಟಿನ ಮುಂದಿನ ಹಾರಾಟಗಳೂ ಸಾಮಾನ್ಯವಾಗಿ ರದ್ದಾಗ್ತವೆ. ಹೋಗಿಬರುವ ಟಿಕೆಟ್ ಆಗಿದ್ದರೆ ವಾಪಸ್ ಬರುವುದೂ ಸೇರಿ. ಆಗಲೂ ಒಂದು ಪಾಲು ಕೇಳಿ ಪಡೆಯಬಹುದು: ಬಳಸದ ಟಿಕೆಟಿನ ಸರ್ಕಾರಿ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕಗಳನ್ನ ಏರ್‌ಲೈನ್ ಮರಳಿಸಬೇಕು ಅಂತ ಡಿಜಿಸಿಎ ನಿಯಮ ಇದೆ. ನೋ ಷೋ ಆದವರಿಗೂ ಇದು ಅನ್ವಯ. ಕೇಳದಿದ್ದರೆ ಯಾರೂ ನೆನಪು ಮಾಡಲ್ಲ. ನಾನೇ ಕೆಲವು ವರ್ಷದ ಹಿಂದೆ ಹೀಗೊಂದು ಟಿಕೆಟ್ ಕಳಕೊಂಡಾಗ ಕೇಳಿರಲಿಲ್ಲ, ಗೊತ್ತೇ ಇರಲಿಲ್ಲ.

ದೋಹಾದ ಲೇಓವರ್ ಹಾಗಲ್ಲ. ಬೆಂಗಳೂರಿನಿಂದ ತಡವಾಗಿ ಹೋಗಿ ದೋಹಾದಲ್ಲಿ ಮುಂದಿನ ವಿಮಾನ ತಪ್ಪಿದರೆ, ಒಂದೇ ಟಿಕೆಟ್ ಆಗಿರೋದರಿಂದ ಅವಳನ್ನ ಮ್ಯಾಂಚೆಸ್ಟರಿಗೆ ಮುಟ್ಟಿಸೋದು ಏರ್‌ಲೈನಿನ ಹೊಣೆ. ಮುಂದಿನ ವಿಮಾನದಲ್ಲಿ ಅವರೇ ಸೀಟು ಹಾಕಬೇಕು. ಅಲ್ಲದೆ ಒಂದೇ ಟಿಕೆಟ್ ಮಾರುವಾಗಲೇ ವ್ಯವಸ್ಥೆ ಒಂದು ಲೆಕ್ಕ ನೋಡಿರುತ್ತೆ. ಆ ನಿಲ್ದಾಣದಲ್ಲಿ ವಿಮಾನ ಬದಲಿಸೋಕೆ ಕನಿಷ್ಠ ಇಷ್ಟು ಹೊತ್ತು ಬೇಕು ಅಂತ ಗೊತ್ತುಪಡಿಸಿದ ಅವಧಿ ಇರುತ್ತೆ, ಅದಕ್ಕಿಂತ ಕಡಿಮೆ ಲೇಓವರ್ ಇದ್ದರೆ ಮಾರೋದಿಲ್ಲ. ವಾಟ್ಸಾಪ್ ಏಜೆಂಟಿಗೆ ಅಂಥ ಕಡಿವಾಣ ಇಲ್ಲ.

ಟ್ರಾನ್ಸಿಟ್: ಗೆರೆಯ ಯಾವ ಕಡೆ ನಿಂತಿದ್ದೀರಿ

ಲೇಓವರ್ ಅಂದರೆ ಹೊತ್ತು, ಟ್ರಾನ್ಸಿಟ್ ಅಂದರೆ ನಿಮ್ಮ ಸ್ಥಿತಿ. ಒಂದು ದೇಶದ ನೆಲದ ಮೇಲಿದ್ದೀರಿ, ಆದರೆ ಆ ದೇಶದೊಳಕ್ಕೆ ಪ್ರವೇಶಿಸಿಲ್ಲ. ಇಮಿಗ್ರೇಷನ್ ಕೌಂಟರ್ ಅನ್ನೋ ಗೆರೆ ದಾಟದೆ, ಒಳಗಿಂದೊಳಗೇ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಹೋಗ್ತೀರಿ. ದೋಹಾದಲ್ಲಿ ಅವಳು ಮಾಡಬೇಕಾದ್ದು ಅಷ್ಟೇ, ಅದಕ್ಕೆ ಕತಾರ್ ವೀಸಾ ಬೇಡ. ಸೂಟ್‌ಕೇಸ್ ಕೂಡ ಅವಳ ಕೈಗೆ ಬಾರದೆ ತಾನೇ ಮುಂದಕ್ಕೆ ಹೋಗುತ್ತೆ.

ಎಲ್ಲ ದೇಶವೂ ಹೀಗಿಲ್ಲ. ಅಮೆರಿಕದಲ್ಲಿ ಈ ಒಳಗಿನ ದಾರಿಯೇ ಇಲ್ಲ. ಅಲ್ಲಿ ಎರಡು ತಾಸು ವಿಮಾನ ಬದಲಿಸೋಕೆ ಇಳಿದರೂ ಇಮಿಗ್ರೇಷನ್ ದಾಟಬೇಕು, ಅದಕ್ಕೆ ತಕ್ಕ ವೀಸಾ ಬೇಕು. ಬ್ರಿಟನ್ ಮೂಲಕ ಬೇರೆ ದೇಶಕ್ಕೆ ಹೋಗುವ ಭಾರತೀಯರಿಗೆ, ಗೆರೆ ದಾಟದಿದ್ದರೂ, ಕೆಲವು ವಿನಾಯಿತಿಗಳನ್ನ ಬಿಟ್ಟರೆ ಟ್ರಾನ್ಸಿಟ್ ವೀಸಾ ಬೇಕು. ಪಾಸ್‌ಪೋರ್ಟಿನ ಬಣ್ಣ ನೋಡಿ ಕಾರಿಡಾರಿನಲ್ಲಿ ನಡೆಯೋಕೂ ಪರವಾನಗಿ ಕೇಳೋದು ಅನ್ಯಾಯ ಅಂತ ನನ್ನ ಅಭಿಪ್ರಾಯ. ಅದು ಇನ್ನೊಂದು ಲೇಖನ.

ಇಲ್ಲಿ ಮತ್ತೆ ಟಿಕೆಟ್ ಒಂದೋ ಎರಡೋ ಅನ್ನೋದು ಬಂದೇ ಬರುತ್ತೆ. ಅಗ್ಗ ಅಂತ ಬೆಂಗಳೂರಿನಿಂದ ಒಂದು ಟಿಕೆಟ್, ನಡುವಿನ ದೇಶದಿಂದ ಮುಂದಕ್ಕೆ ಇನ್ನೊಂದು ಟಿಕೆಟ್ ತಗೊಂಡಿರಿ ಅನ್ನಿ. ಮೊದಲ ಏರ್‌ಲೈನ್ ನಿಮ್ಮ ಸೂಟ್‌ಕೇಸನ್ನ ನಡುವಿನ ಊರಿಗೆ ಮಾತ್ರ ಕಳಿಸುತ್ತೆ. ಅದನ್ನ ತಗೊಳ್ಳೋಕೆ ನೀವು ಗೆರೆ ದಾಟಿ ಹೊರಗೆ ಬರಲೇಬೇಕು. ಹೊರಗೆ ಬರೋಕೆ ಆ ದೇಶದ ವೀಸಾ ಬೇಕು. ಒಂದೇ ಟಿಕೆಟ್ ಆಗಿದ್ದರೆ ಬೇಕಾಗದಿದ್ದ ವೀಸಾ ಅದು. ಅದು ಇಲ್ಲ ಅಂತ ಗೊತ್ತಾಗೋದು ಬೆಂಗಳೂರಿನ ಕೌಂಟರಿನಲ್ಲಿ, ಅಲ್ಲೇ ವಾಪಸ್ ಕಳಿಸ್ತಾರೆ. ಕೌಂಟರಿನವರು ಸೂಟ್‌ಕೇಸಿಗೆ ಕಟ್ಟುವ ಪಟ್ಟಿಯಲ್ಲಿ ಮೂರಕ್ಷರದ ಊರಿನ ಗುರುತು ಇರುತ್ತೆ. ಅಲ್ಲಿ `MAN` ಅಂತ ದೊಡ್ಡದಾಗಿ ಇದ್ದರೆ ಮ್ಯಾಂಚೆಸ್ಟರಿನವರೆಗೆ ಚಿಂತೆ ಇಲ್ಲ. `DOH` ಅಂತ ಕೊನೆಯಾಗಿದ್ದರೆ ಕೌಂಟರ್ ಬಿಡೋ ಮುಂಚೆ ಕೇಳು ಅಂತ ತಂಗಿಗೆ ಹೇಳಿದೆ.

ಬೋರ್ಡಿಂಗ್

"ಬೋರ್ಡಿಂಗ್ ಅಂದ್ರ ಹಾಸ್ಟೆಲ್ ಅಲ್ಲಾ?" ಅಂತ ಚಿಕ್ಕಪ್ಪ ಹಿಂದಿನಿಂದ ಕೇಳಿದರು. ಇಲ್ಲಿ ಅದು ವಿಮಾನ ಹತ್ತೋದು. ಬೋರ್ಡಿಂಗ್ ಪಾಸಿನಲ್ಲಿ ಎರಡು ಹೊತ್ತು ಬರೆದಿರ್ತಾರೆ. ಹೊರಡುವ ಹೊತ್ತನ್ನ ಮರೆತುಬಿಡಿ, ನಿಮಗೆ ಸಂಬಂಧ ಇರೋದು ಬೋರ್ಡಿಂಗ್ ಹೊತ್ತು ಮತ್ತು ಗೇಟ್ ಮುಚ್ಚುವ ಹೊತ್ತು. ದೇಶದೊಳಗಿನ ಹಾರಾಟಗಳಲ್ಲಿ ಸಾಮಾನ್ಯವಾಗಿ ಹೊರಡೋಕೆ ಸುಮಾರು 25 ನಿಮಿಷ ಮುಂಚೆಯೇ ಗೇಟ್ ಮುಚ್ಚುತ್ತೆ. ಬಸ್ ಥರ ಓಡಿ ಬಂದು ಬಾಗಿಲು ಬಡಿಯೋಕಾಗಲ್ಲ.

ಈ ಕಟ್ಟುನಿಟ್ಟಿಗೆ ಒಂದು ಕಾರಣ ಸೂಟ್‌ಕೇಸ್. ಲಗೇಜ್ ಕೊಟ್ಟ ಪ್ರಯಾಣಿಕ ಹತ್ತಲಿಲ್ಲ ಅಂದರೆ ಅವರ ಲಗೇಜನ್ನೂ ಹುಡುಕಿ ಇಳಿಸಬೇಕು. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನ ಅಟ್ಲಾಂಟಿಕ್ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬ್ ಇದ್ದ ಸೂಟ್‌ಕೇಸನ್ನ ಕೊಟ್ಟವನು ವಿಮಾನ ಹತ್ತಿರಲೇ ಇಲ್ಲ.

ಇನ್ನೊಂದು ಪದ ಡಿನೈಡ್ ಬೋರ್ಡಿಂಗ್. ಕೆಲವರು ಬರೋದಿಲ್ಲ ಅನ್ನೋ ಅಂದಾಜಿನಲ್ಲಿ ಏರ್‌ಲೈನ್‌ಗಳು ಇರೋ ಸೀಟಿಗಿಂತ ಹೆಚ್ಚು ಟಿಕೆಟ್ ಮಾರ್ತಾರೆ. ಎಲ್ಲರೂ ಬಂದುಬಿಟ್ಟರೆ ಯಾರನ್ನಾದರೂ ಬಿಡಬೇಕು. ಖಾತ್ರಿಯಾದ ಟಿಕೆಟ್ ಇದ್ದು, ಹೊತ್ತಿಗೆ ಸರಿಯಾಗಿ ಹಾಜರಾಗಿದ್ದೂ ನಿಮ್ಮನ್ನ ಬಿಟ್ಟರೆ, ಮೊದಲು ಅವರು ಸ್ವಇಚ್ಛೆಯಿಂದ ಉಳಿಯೋರು ಯಾರಾದರೂ ಇದ್ದಾರಾ ಅಂತ ಕೇಳಿರಬೇಕು. ಒಂದು ತಾಸಿನೊಳಗೆ ಹೊರಡುವ ಬೇರೆ ವಿಮಾನ ಕೊಡದಿದ್ದರೆ ಪರಿಹಾರ ಕೊಡಬೇಕು: 24 ತಾಸಿನೊಳಗಿನ ವಿಮಾನವಾದರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, 10,000 ರೂಪಾಯಿ ಮೀರದಂತೆ. ಅದಕ್ಕೂ ಆಚೆಗಾದರೆ ನಾಲ್ಕು ಪಟ್ಟು, 20,000 ಮೀರದಂತೆ. ಗೇಟಿನಲ್ಲಿ "ವಿಮಾನ ಫುಲ್ ಆಗಿದೆ" ಅಂತ ಬಾಯಲ್ಲಿ ಹೇಳಿದರೆ ಸಾಲದು, ಡಿನೈಡ್ ಬೋರ್ಡಿಂಗ್ ಅಂತ ಬರೆದು ಕೊಡಿ ಅನ್ನಿ. ಬರಹ ಇಲ್ಲದಿದ್ದರೆ ನಾಳೆ ನೀವು ತಡವಾಗಿ ಬಂದಿರಿ ಅನ್ನೋದು ಅವರ ಮಾತು.

ಎಂಡಾರ್ಸ್‌ಮೆಂಟ್: ಯಾರೂ ಓದದ ಸಾಲು

ತಂಗಿ ಕೇಳಿದ `NON END` ಇದಕ್ಕೆ ಸೇರಿದ್ದು. ಟಿಕೆಟಿನ ಕೆಳಭಾಗದಲ್ಲಿ ಎಂಡಾರ್ಸ್‌ಮೆಂಟ್ ಅಂತ ಒಂದು ಸಾಲು ಇರುತ್ತೆ. ಅದರಲ್ಲಿ `NON END/NON REF` ಥರದ್ದೇನೋ ಇರುತ್ತೆ. ಹಣ ಮರಳದು ಅನ್ನೋದು ಎರಡನೆಯದು. ಮೊದಲನೆಯದು ಏನು?

ಟಿಕೆಟ್ ಕಾಗದದ್ದಾಗಿದ್ದ ಕಾಲ ನೆನಪು ಮಾಡ್ಕೊಳ್ಳಿ. ಒಂದು ಏರ್‌ಲೈನಿನ ವಿಮಾನ ರದ್ದಾಯ್ತು. ಪಕ್ಕದ ಕೌಂಟರಿನ ಏರ್‌ಲೈನಿಗೆ ಅದೇ ಊರಿಗೆ ವಿಮಾನ ಇದೆ, ಸೀಟೂ ಇದೆ. ಆಗ ಮೊದಲನೆಯವರು ನಿಮ್ಮ ಟಿಕೆಟಿನ ಮೇಲೆ ಮುದ್ರೆ ಒತ್ತಿ ಸಹಿ ಹಾಕೋರು: ಈ ಟಿಕೆಟಿನ ಮೇಲೆ ಇವರನ್ನ ನೀವು ಕರಕೊಂಡು ಹೋಗಿ, ದುಡ್ಡು ನಾವು ಕೊಡ್ತೀವಿ. ಚೆಕ್ಕಿನ ಹಿಂದೆ ಸಹಿ ಹಾಕಿ ಇನ್ನೊಬ್ಬರಿಗೆ ದಾಟಿಸ್ತಾರಲ್ಲ, ಹಾಗೆ. ಅದೇ ಎಂಡಾರ್ಸ್‌ಮೆಂಟ್. ಲೆಕ್ಕವನ್ನ ಆಮೇಲೆ ಎರಡು ಏರ್‌ಲೈನ್‌ಗಳು ತಮ್ಮತಮ್ಮಲ್ಲೇ ಚುಕ್ತಾ ಮಾಡ್ಕೊಳ್ಳೋವು. 2008ರ ಜೂನ್‌ನಿಂದ ಏರ್‌ಲೈನ್‌ಗಳ ಜಾಗತಿಕ ಒಕ್ಕೂಟ ಐಯಾಟಾ ಕಾಗದದ ಟಿಕೆಟ್ ನಿಲ್ಲಿಸಿತು, ಮುದ್ರೆ ಹೋಗಿ ಕಂಪ್ಯೂಟರ್ ಬಂತು, ತತ್ವ ಉಳೀತು.

`NON END` ಅಂದರೆ ಈ ಟಿಕೆಟನ್ನ ಬೇರೆ ಏರ್‌ಲೈನಿಗೆ ದಾಟಿಸುವಂತಿಲ್ಲ. ಅಗ್ಗದ ದರದ ಟಿಕೆಟ್‌ಗಳಲ್ಲಿ ಸಾಮಾನ್ಯವಾಗಿ ಹೀಗೇ ಇರುತ್ತೆ. ಇದು ಕಟ್ಟಿಹಾಕೋದು ಮುಖ್ಯವಾಗಿ ನಿಮ್ಮನ್ನ. ನನಗೆ ಆ ವಿಮಾನ ಬೇಡ, ಈ ವಿಮಾನ ಬೇಕು ಅಂತ ನೀವಾಗಿ ಕೇಳೋಕೆ ಬರಲ್ಲ. ತಪ್ಪು ಅವರದಾದಾಗ, ಅಂದರೆ ಅವರೇ ವಿಮಾನ ರದ್ದು ಮಾಡಿದಾಗ, ಆ ನಿರ್ಬಂಧ ಹಾಕಿದವರೇ ಅದನ್ನ ಸಡಿಲಿಸಬಹುದು. "ನಿಮ್ಮ ಟಿಕೆಟ್ ನಾನ್ ಎಂಡಾರ್ಸಬಲ್" ಅಂತ ಕೌಂಟರಿನಲ್ಲಿ ಹೇಳಿದರೆ ಅಲ್ಲಿಗೆ ಮಾತು ಮುಗಿಯಲ್ಲ. ರದ್ದು ಮಾಡಿದ್ದು ನೀವು, ಬೇರೆ ಏರ್‌ಲೈನಿನಲ್ಲಿ ಹಾಕಿಕೊಡಿ ಅಂತ ಕೇಳಬಹುದು.

ಆದರೆ ಇದಕ್ಕೆ ಎರಡು ಏರ್‌ಲೈನ್‌ಗಳ ನಡುವೆ ಪರಸ್ಪರ ಟಿಕೆಟ್ ಮನ್ನಿಸುವ ಒಪ್ಪಂದ ಇರಬೇಕು. ಅದಕ್ಕೆ ಇಂಟರ್‌ಲೈನ್ ಅಂತಾರೆ. ಅಗ್ಗದ ದರದ ಏರ್‌ಲೈನ್‌ಗಳಲ್ಲಿ ಬಹುತೇಕವು ತಮ್ಮ ಪೈಪೋಟಿದಾರರ ಜತೆ ಇಂಥ ಒಪ್ಪಂದ ಇಟ್ಟುಕೊಂಡಿರಲ್ಲ, ಅದೂ ಖರ್ಚು ಉಳಿಸುವ ಒಂದು ದಾರಿ. ಇದರ ಬಿಸಿ ನಮ್ಮ ದೇಶಕ್ಕೆ ಪದೇ ಪದೇ ತಟ್ಟಿದೆ. 2019ರ ಏಪ್ರಿಲ್ 17ಕ್ಕೆ ಜೆಟ್ ಏರ್‌ವೇಸ್ ಹಾರಾಟ ನಿಂತಿತು, 2023ರ ಮೇ 3ಕ್ಕೆ ಗೋ ಫಸ್ಟ್ ನಿಂತಿತು. ದುಡ್ಡು ಕೊಡ್ತೀವಿ ಅನ್ನಬೇಕಾದ ಕಂಪನಿಯ ಕೈಯೇ ಬರಿದಾದಾಗ ಅದರ ಸಹಿಗೆ ಬೆಲೆ ಎಲ್ಲಿ? ಟಿಕೆಟ್ ಹಿಡಿದವರು ಸಾಲಗಾರರ ಸಾಲಿನಲ್ಲಿ ನಿಂತರು.

2025ರ ಡಿಸೆಂಬರಿನದು ಇನ್ನೂ ಸ್ಪಷ್ಟ ಪಾಠ. ಪೈಲಟ್‌ಗಳ ವಿಶ್ರಾಂತಿಗೆ ಸಂಬಂಧಿಸಿದ ಹೊಸ ನಿಯಮದ ಎರಡನೇ ಹಂತ ನವೆಂಬರ್ 1ರಿಂದ ಜಾರಿಗೆ ಬಂದಿತ್ತು. ಇಂಡಿಗೋ ಅದಕ್ಕೆ ತಕ್ಕಂತೆ ಸಿಬ್ಬಂದಿ ಹೊಂದಿಸಿಕೊಂಡಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. ಪ್ರಯಾಣಿಕರಿಗೆ ಹಣ ಮರಳಿಸುವ ಮಾತು ಬಂತು. ಆದರೆ ಆ ದುಡ್ಡಿನಲ್ಲಿ ಪಕ್ಕದ ಏರ್‌ಲೈನಿನ ಟಿಕೆಟ್ ಬರುತ್ತಿರಲಿಲ್ಲ, ದರ ಹಲವು ಪಟ್ಟು ಏರಿತ್ತು. ಕೊನೆಗೆ ಸರ್ಕಾರ ದರಕ್ಕೆ ಮಿತಿ ಹಾಕಿತು: 500 ಕಿ.ಮೀ. ಒಳಗೆ 7,500 ರೂಪಾಯಿ, 1,500 ಕಿ.ಮೀ. ಮೀರಿದರೆ 18,000.

ರದ್ದಾದಾಗ ಬದಲಿ ವಿಮಾನ ಅಥವಾ ಹಣ, ಆಯ್ಕೆ ಪ್ರಯಾಣಿಕರದು ಅಂತ ಡಿಜಿಸಿಎ ನಿಯಮ ಹೇಳುತ್ತೆ. ಹಣ ಮರಳಿಸೋದು ಏರ್‌ಲೈನಿಗೆ ಸುಲಭ, ತಾನು ಪಡೆದಷ್ಟನ್ನೇ ಕೊಟ್ಟು ಕೈತೊಳಕೊಳ್ಳುತ್ತೆ. ಏರಿದ ದರದ ವ್ಯತ್ಯಾಸ ಪ್ರಯಾಣಿಕರ ತಲೆಗೆ. ಎಂಡಾರ್ಸ್‌ಮೆಂಟ್ ಆ ವ್ಯತ್ಯಾಸವನ್ನ ಏರ್‌ಲೈನಿನ ತಲೆಗೆ ಹೊರಿಸೋ ವ್ಯವಸ್ಥೆಯಾಗಿತ್ತು. ಹೋಗಲಿ, ಅದು ಇದ್ದಿದ್ದರೂ ಆ ವಾರ ಸಾಲುತ್ತಿತ್ತಾ? ದೇಶದೊಳಗಿನ ಪ್ರಯಾಣಿಕರಲ್ಲಿ ಶೇ. 60ಕ್ಕಿಂತ ಹೆಚ್ಚು ಜನರನ್ನ ಒಂದೇ ಕಂಪನಿ ಹೊತ್ತೊಯ್ಯುವಾಗ, ಅದು ನಿಂತರೆ ದಾಟಿಸೋಕೆ ಉಳಿದವರ ಹತ್ತಿರ ಅಷ್ಟು ಸೀಟೇ ಇಲ್ಲ. ಏಕಸ್ವಾಮ್ಯ ಅನ್ನೋದನ್ನ ದರದ ಮಾತಾಗಿ ಮಾತ್ರ ನೋಡೋರು ಇದನ್ನೂ ನೋಡಬೇಕು.

ಗಲ್ಫಿಗೆ ಕೆಲಸಕ್ಕೆ ಹೋಗೋರಿಗೆ ಒಂದು ಎಚ್ಚರಿಕೆ: ಪಾಸ್‌ಪೋರ್ಟಿನ ಮೇಲೆ ಅಧಿಕಾರಿಗಳು ಬರೆಯುವ ಟಿಪ್ಪಣಿಗೂ ಎಂಡಾರ್ಸ್‌ಮೆಂಟ್ ಅಂತಲೇ ಹೆಸರು. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇರುವ ಇಸಿಆರ್ ಅಂಥದ್ದು. ಅದಿದ್ದರೆ ಗೊತ್ತುಪಡಿಸಿದ ದೇಶಗಳಿಗೆ ಕೆಲಸದ ವೀಸಾದಲ್ಲಿ ಹೊರಡುವ ಮುಂಚೆ ಸರ್ಕಾರದ ಅನುಮತಿ ಬೇಕು. ಟಿಕೆಟಿನ ಸಾಲಿಗೂ ಇದಕ್ಕೂ ಸಂಬಂಧ ಇಲ್ಲ.

ತಂಗಿಯ ಟಿಕೆಟಿಗೆ ಬರೋಣ. ಹುಬ್ಬಳ್ಳಿಯಿಂದಲೇ ಒಂದೇ ಟಿಕೆಟ್ ಸಿಗುತ್ತಾ ಅಂತ ಏಜೆಂಟನ್ನ ಕೇಳಿಸಿದೆ. ಇದೆ, ಆರು ಸಾವಿರ ಜಾಸ್ತಿ, ಆದರೆ ಈಗಿನದನ್ನ ರದ್ದು ಮಾಡಿದರೆ ದುಡ್ಡು ಬರಲ್ಲ ಅಂದ. ಖರೀದಿಗೆ ಮುಂಚೆ ಕೇಳಿದ್ದರೆ ಆ ಆರು ಸಾವಿರ ವಿಮೆಯ ಕಂತು ಅಂತ ಕೊಡು ಅನ್ನುತ್ತಿದ್ದೆ. ಈಗ ಉಳಿದದ್ದು ಹುಬ್ಬಳ್ಳಿ–ಬೆಂಗಳೂರಿನ ಸಣ್ಣ ಟಿಕೆಟ್ ಕೈಬಿಡೋದು. ಅದರ ತೆರಿಗೆ–ಶುಲ್ಕದ ಪಾಲಿಗೆ ಅರ್ಜಿ ಹಾಕಿಸಿದೆವು. ಚಿಕ್ಕಪ್ಪನಿಗೆ ಬೇಜಾರು, ಮಗಳು ಹುಬ್ಬಳ್ಳಿಯಿಂದಲೇ ಹಾರೋದನ್ನ ನೋಡಬೇಕು ಅಂತ ಆಸೆ ಇತ್ತು ಅವರಿಗೆ. ಹಿಂದಿನ ರಾತ್ರಿಯ ರೈಲಿಗೆ ಇಬ್ಬರೂ ಹೊರಟರು, ಬೆಳಿಗ್ಗೆ ನಮ್ಮ ಮನೆಗೆ ಬಂದರು, ಮಧ್ಯಾಹ್ನ ಊಟ ಮಾಡಿ ವಾಯುವಜ್ರ ಬಸ್ ಹತ್ತಿದೆವು.

ಕೌಂಟರ್ ದಾಟಿದ ಮೇಲೆ ಅವಳಿಂದ ಒಂದು ಫೋಟೋ ಬಂತು. ಸೂಟ್‌ಕೇಸಿನ ಪಟ್ಟಿಯದು. ಕೆಳಗೆ ಒಂದೇ ಸಾಲು: "`MAN` ಐತಿ ಅಣ್ಣಾ, ಅಪ್ಪಗ ಹೇಳು."